ದ್ವಂದ್ವಾರ್ಥದ ಜೋಕನ್ನು ಕನ್ನಡ ಕಲಿಯುತ್ತಿರುವವರಿಗೆ ಬಿಡಿಸಿ ಹೇಳುವುದು ಹೇಗೆ?

ಮಳೆಬಿಲ್ಲು

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಎಂಟು ತಿಂಗಳಿಂದ ಕನ್ನಡ ಕಲಿಯುತ್ತಿದ್ದಾರೆ. ಮನೆಮಾತು ಹಿಂದಿ. ಓದಲು ಬರುತ್ತದೆ. ನಿಧಾನವಾಗಿ ಮಾತನಾಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ನಿನ್ನೆ ನಾಲ್ಕೈದು ಜನ ಕುಳಿತಿದ್ದಾಗ ಒಬ್ಬರು ಈ ಜೋಕು ಹೇಳಿದರು:

ಮೇಷ್ಟರು: "ಬೋರ್ಡಿನ ಮೇಲಿರುವ ಲೆಕ್ಕ ಅಳಿಸು."
ಹುಡುಗ: "ಖಂಡಿತ ಸಾರ್. ಇಷ್ಟು ಹೊತ್ತು ಅದು ನಮ್ಮನ್ನು ಅಳಿಸಿತು. ಈಗ ನಮ್ಮ ಸರದಿ."

ಎಲ್ಲರೂ ನಕ್ಕೆವು. ಅವರೂ ನಕ್ಕರು, ಆದರೆ ಅರೆಗಳಿಗೆ ತಡವಾಗಿ, ನಮ್ಮ ಮುಖಗಳನ್ನು ನೋಡಿಕೊಂಡು. ಆಮೇಲೆ ಮೆಲ್ಲಗೆ ನನ್ನ ಬಳಿ ಬಂದು ಅರ್ಥ ಕೇಳಿದರು. ನಾನು, "ಅಳಿಸು ಎಂಬುದಕ್ಕೆ ಎರಡು ಅರ್ಥ. ಒಂದು ಬರೆದದ್ದನ್ನು ಇಲ್ಲದಂತೆ ಮಾಡುವುದು, ಇನ್ನೊಂದು ಅಳುವಂತೆ ಮಾಡುವುದು" ಎಂದೆ. ತಲೆಯಾಡಿಸಿದರು, ಪುಸ್ತಕದಲ್ಲಿ ಬರೆದುಕೊಂಡರು. ಒಂದು ನಿಮಿಷ ಬಿಟ್ಟು, "ಅಂದರೆ ಲೆಕ್ಕ ಅಳುತ್ತಿತ್ತೇ?" ಎಂದರು. ಅಲ್ಲ ಅಲ್ಲ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೂರನೆಯ ಸಲಕ್ಕೆ ನನಗೇ ಆ ಜೋಕಿನಲ್ಲಿ ಏನಿತ್ತು ಎಂದು ಮರೆತುಹೋದಂತಾಯಿತು. "ಇರಲಿ ಬಿಡಿ, ಅಂಥ ದೊಡ್ಡ ಜೋಕೇನೂ ಅಲ್ಲ" ಎಂದುಬಿಟ್ಟೆ. ಅವರ ಮುಖ ಸಪ್ಪಗಾಯಿತು.

ಎರಡೂ ಅರ್ಥ ಸರಿಯಾಗಿಯೇ ಹೇಳಿದ್ದೆ. ತಪ್ಪಿದ್ದು ಎಲ್ಲಿ?

ನೇರನುಡಿ

ಕೆಲಸದ ಜಾಗದಲ್ಲಿ ದ್ವಂದ್ವಾರ್ಥದ ಜೋಕು ಹೇಳುವುದೇ ತಪ್ಪು. ಭಾಷೆ ಕಲಿಯಲು ಬಂದವರಿಗೆ ಇಂಥ ಕೀಳು ಅಭಿರುಚಿಯಿಂದ ಪಾಠ ಶುರು ಮಾಡಬೇಕೆ? ಅವರಿಗೆ ಅರ್ಥವಾಗದಿದ್ದರೆ ಅದೇ ಪುಣ್ಯ. ಅರ್ಥವಾಗಿ ಮೇಲಿನವರಿಗೆ ದೂರು ಕೊಟ್ಟರೆ ಆಗ ಗೊತ್ತಾಗುತ್ತದೆ.

ಮಳೆಬಿಲ್ಲು

ನೇರನುಡಿ ಅವರೇ, ಜೋಕು ಓದಿದಿರೋ, ಬರಿಯ ಶೀರ್ಷಿಕೆ ಓದಿದಿರೋ?

ನೇರನುಡಿ

ಶೀರ್ಷಿಕೆ. ಈಗ ಓದಿದೆ, ಕ್ಷಮಿಸಿ. ಆದರೆ ನನ್ನ ಮಾತನ್ನು ಪೂರ್ತಿ ಹಿಂದಕ್ಕೆ ಪಡೆಯುವುದಿಲ್ಲ. ‘ದ್ವಂದ್ವಾರ್ಥ’ ಎಂದರೆ ನೂರರಲ್ಲಿ ತೊಂಬತ್ತು ಕನ್ನಡಿಗರಿಗೆ ಮೊದಲು ಹೊಳೆಯುವುದು ಅಶ್ಲೀಲವೇ. ನಿಮ್ಮ ಗೆಳೆಯರಿಗೆ ಆ ಪದ ಕಲಿಸಿದ್ದರೆ ನಾಳೆ ಹಿರಿಯರೊಬ್ಬರ ಮುಂದೆ "ನನಗೆ ದ್ವಂದ್ವಾರ್ಥದ ಜೋಕುಗಳೆಂದರೆ ಬಹಳ ಇಷ್ಟ" ಎಂದಾರು. ‘ಎರಡರ್ಥದ ಮಾತು’ ಎನ್ನಿ, ‘ಶ್ಲೇಷೆ’ ಎನ್ನಿ.

ಮಳೆಬಿಲ್ಲು

ಅಯ್ಯೋ, ಆ ಪದವನ್ನೇ ಹೇಳಿಕೊಟ್ಟಿದ್ದೇನೆ. ನಾಳೆಯೇ ತಿದ್ದುತ್ತೇನೆ.

ಶಬ್ದಪ್ರೇಮಿ

ಇದು ಶುದ್ಧ ಶ್ಲೇಷೆ. ಒಂದೇ ಶಬ್ದ, ಎರಡು ಅರ್ಥ. ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ‘ಅಳಿಸು’ ಎಂಬುದರ ಧಾತುವೂ ಒಂದೇ. ಅತ್ತಾಗ ಕಣ್ಣೀರು ಹರಿಯುತ್ತದೆ, ಕಣ್ಣೀರು ಬಿದ್ದಲ್ಲಿ ಬರೆದದ್ದು ಅಳಿಸಿಹೋಗುತ್ತದೆ. ಒಂದರಿಂದ ಇನ್ನೊಂದು ಅರ್ಥ ಹುಟ್ಟಿದೆ. ಈ ಚಿತ್ರವನ್ನು ಅವರ ಕಣ್ಣಿಗೆ ಕಟ್ಟುವಂತೆ ಹೇಳಿದರೆ ಎಂದೂ ಮರೆಯುವುದಿಲ್ಲ.

ನಮ್ಮವರಿಗೆ ಇದೇನು ಹೊಸತಲ್ಲ. ನ್ಯಾಯಸೂತ್ರದ ಭಾಷ್ಯದಲ್ಲಿ ‘ನವಕಂಬಲ’ ಎಂಬ ಉದಾಹರಣೆ ಇದೆ. ಹೊಸ ಕಂಬಳಿ ಹೊದ್ದವನನ್ನು ಒಬ್ಬ ನವಕಂಬಲ ಎನ್ನುತ್ತಾನೆ. ಎದುರಾಳಿ, ‘ಇವನ ಹತ್ತಿರ ಒಂಬತ್ತು ಕಂಬಳಿ ಎಲ್ಲಿವೆ?’ ಎಂದು ಕೇಳುತ್ತಾನೆ. ನವ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ನಿಮ್ಮ ಜೋಕು ಅದರ ಮೊಮ್ಮಗ.

ಒತ್ತಕ್ಷರ

ಹನ್ನೆರಡು ವರ್ಷದಿಂದ ದೊಡ್ಡವರಿಗೆ ಕನ್ನಡ ಕಲಿಸುತ್ತಿದ್ದೇನೆ. ಈ ಜೋಕಿನಲ್ಲಿ ನಾನೂ ಎಡವಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಶಬ್ದಪ್ರೇಮಿಯವರ ಕಣ್ಣೀರು. ಚಿತ್ರ ಚೆನ್ನಾಗಿದೆ, ಆದರೆ ನಿಜವಲ್ಲ. ಧಾತುಗಳು ಎರಡು. ಒಂದು ‘ಅಳು’, ಇನ್ನೊಂದು ‘ಅಳಿ’. ಅನುಮಾನವಿದ್ದರೆ ಭೂತಕಾಲಕ್ಕೆ ತಿರುಗಿಸಿ ನೋಡಿ. ಮಗು ಅತ್ತಿತು, ಆ ರಾಜವಂಶ ಅಳಿಯಿತು. ಅತ್ತದ್ದೇ ಬೇರೆ, ಅಳಿದದ್ದೇ ಬೇರೆ. ಇವೆರಡಕ್ಕೂ ‘ಇಸು’ ಸೇರಿಸಿದಾಗ ಮಾತ್ರ ಒಂದರ ಕೊನೆಯ ಉಕಾರವೂ ಇನ್ನೊಂದರ ಕೊನೆಯ ಇಕಾರವೂ ಬಿದ್ದುಹೋಗಿ ಎರಡೂ ‘ಅಳಿಸು’ ಆಗುತ್ತವೆ. ನಗು ನಗಿಸು ಆದಂತೆ ಅಳು ಅಳಿಸು ಆಯಿತು, ಕಲಿ ಕಲಿಸು ಆದಂತೆ ಅಳಿ ಅಳಿಸು ಆಯಿತು. ಬೇರೆ ಬೇರೆ ಊರಿನಿಂದ ಬಂದ ಇಬ್ಬರು ಒಂದೇ ಅಂಗಿ ತೊಟ್ಟಂತೆ.

ಇದನ್ನು ನಿಮ್ಮ ಗೆಳೆಯರಿಗೆ ಪಾಠ ಮಾಡಿ ಎನ್ನುತ್ತಿಲ್ಲ. ಆದರೆ ಅವರ ಕಷ್ಟ ಹುಟ್ಟುವುದು ಇಲ್ಲಿಯೇ. ಅವರು ಪಾಠದಲ್ಲಿ ಕಲಿತಿರುವುದು ‘ಅಳುತ್ತೇನೆ, ಅತ್ತೆ, ಅತ್ತರು’. ಅವುಗಳಿಂದ ‘ಅಳಿಸಿತು’ ಎಂಬ ರೂಪಕ್ಕೆ ಬರುವ ದಾರಿ ಅವರಿಗೆ ಕಾಣುವುದಿಲ್ಲ. ‘ಅತ್ತ’ ಎಂಬುದರಲ್ಲಂತೂ ಳಕಾರವೇ ಇಲ್ಲ. ನಮಗೆ ‘ಮಗುವನ್ನು ಅಳಿಸಬೇಡ’ ಎಂದು ಕೇಳಿ ಕೇಳಿ ಕಿವಿ ಪಳಗಿದೆ. ಅವರಿಗೆ ಆ ರೂಪ ನೀವು ವಿವರಿಸಿದ ದಿನವೇ ಮೊದಲ ಸಲ ಸಿಕ್ಕಿದ್ದು. ಆವತ್ತೇ ಪರಿಚಯವಾದ ಅರ್ಥ ಕೇಳಿ ಯಾರಿಗೂ ನಗು ಬರುವುದಿಲ್ಲ. ಜೋಕಿಗೆ ಬೇಕಾದದ್ದು ತಿಳಿದ ಪದ ಥಟ್ಟನೆ ಮಗ್ಗುಲು ಬದಲಿಸುವುದು. ತಿಳಿಯದ ಪದಕ್ಕೆ ಎರಡು ಅರ್ಥ ಒಟ್ಟಿಗೆ ಹೇಳಿದರೆ ಅದು ನಿಘಂಟು ಓದಿದಂತೆ.

ಇನ್ನು "ಲೆಕ್ಕ ಅಳುತ್ತಿತ್ತೇ?" ಎಂಬ ಪ್ರಶ್ನೆ. ಮಳೆಬಿಲ್ಲು ಅವರೇ, ನೀವು ಅಲ್ಲ ಅಲ್ಲ ಎಂದಿರಿ ನೋಡಿ, ಎಡವಿದ್ದು ಅಲ್ಲಿ. ಅವರು ನಿಮಗಿಂತ ಮುಂದೆ ಹೋಗಿದ್ದರು. ಕೊನೆಯ ಮಾತು ‘ಈಗ ನಮ್ಮ ಸರದಿ’. ಅದರಲ್ಲಿ ಕ್ರಿಯಾಪದವೇ ಇಲ್ಲ. ಏನು ಮಾಡುವ ಸರದಿ? ಅಳಿಸುವ ಸರದಿ. ಯಾವ ಅಳಿಸುವುದು? ಮೇಷ್ಟರ ಕಿವಿಗೆ ಬೋರ್ಡು ಒರೆಸುವುದು. ಹುಡುಗನ ಮನಸ್ಸಿನಲ್ಲಿ ಸೇಡು: ನೀನು ನಮ್ಮನ್ನು ಅಳಿಸಿದೆ, ಈಗ ನಿನ್ನನ್ನು ಅಳಿಸುತ್ತೇನೆ. ಆ ಒಂದು ಕ್ಷಣ ಲೆಕ್ಕ ಅಳಬಲ್ಲ ಪ್ರಾಣಿಯಾಗಿಬಿಡುತ್ತದೆ. ನಗು ಬರುವುದು ಅದಕ್ಕೇ. ನಿಮ್ಮ ಗೆಳೆಯರು ಕೇಳಿದ್ದು ತಪ್ಪು ಪ್ರಶ್ನೆಯಲ್ಲ. ‘ಇಲ್ಲ, ಆದರೆ ಇನ್ನು ಅಳುತ್ತದೆ’ ಎಂದು ನೀವು ಉತ್ತರಿಸಿದ್ದರೆ ಅವರು ಅಲ್ಲಿಯೇ ನಕ್ಕಿರುತ್ತಿದ್ದರು.

ಮಳೆಬಿಲ್ಲು

ಇದು ನನಗೆ ಹೊಳೆದೇ ಇರಲಿಲ್ಲ. ಮೂರು ಸಲ ಅವರ ಬಾಯಿ ಮುಚ್ಚಿಸಿದ್ದೆ.

ಶಬ್ದಪ್ರೇಮಿ

ಅತ್ತಿತು, ಅಳಿಯಿತು ಎಂಬುದನ್ನು ಒಪ್ಪಿದೆ. ಧಾತು ಎರಡು. ಆದರೆ ಶ್ಲೇಷೆ ಎಂದದ್ದರಲ್ಲಿ ತಪ್ಪಿಲ್ಲವಲ್ಲ?

ಒತ್ತಕ್ಷರ

ತಪ್ಪಿಲ್ಲ. ನವಕಂಬಲದ ಬಗ್ಗೆ ಮಾತ್ರ ಒಂದು ತಕರಾರು. ಅಲ್ಲಿ ಎದುರಾಳಿ ಮಾಡುವುದು ಮೋಸ. ಹೇಳಿದವನ ಮನಸ್ಸಿನಲ್ಲಿ ಇದ್ದದ್ದು ಹೊಸ ಕಂಬಳಿ ಎಂದು ಗೊತ್ತಿದ್ದೂ, ಬೇಕೆಂದೇ ಇನ್ನೊಂದು ಅರ್ಥ ಹಿಡಿದು ಅವನನ್ನು ಸೋಲಿಸಲು ನೋಡುತ್ತಾನೆ. ಅದಕ್ಕೇ ಅದನ್ನು ‘ಛಲ’ ಎಂದು ಕರೆದು ವಾದದ ದೋಷಗಳಲ್ಲಿ ಸೇರಿಸಿದ್ದಾರೆ. ಅಲ್ಲಿ ಒಂದು ಅರ್ಥ ಬಂದರೆ ಇನ್ನೊಂದು ಹೋಗಬೇಕು. ಜೋಕಿನಲ್ಲಿ ಎರಡೂ ಒಟ್ಟಿಗೆ ನಿಲ್ಲಬೇಕು. ಹುಡುಗ ಮೇಷ್ಟರ ಮಾತನ್ನು ತಪ್ಪು ತಿಳಿದಿಲ್ಲ. ಬೋರ್ಡು ಒರೆಸಿಯೇ ಒರೆಸುತ್ತಾನೆ. ಕಲಿಯುವವರಿಗೆ ‘ಹುಡುಗ ತಪ್ಪು ತಿಳಿದುಕೊಂಡ’ ಎಂದು ಹೇಳಿಕೊಟ್ಟರೆ ಜೋಕು ಹುಡುಗನ ದಡ್ಡತನದ ಕಥೆಯಾಗುತ್ತದೆ. ಇಲ್ಲಿ ಅವನೇ ಜಾಣ.

ಇನ್ನೂಕಲಿಯುತ್ತಿರುವೆ

ನಮಸ್ಕಾರ. ನಾನು ಕಲಿಯುವ ಕಡೆಯವನು. ಮೂರು ವರ್ಷವಾಯಿತು. ತಪ್ಪಿದ್ದರೆ ತಿದ್ದಿ.

ನೀವೆಲ್ಲ ಅರ್ಥದ ಬಗ್ಗೆ ಮಾತನಾಡುತ್ತಿದ್ದೀರಿ. ನನ್ನ ತೊಂದರೆ ಅದಕ್ಕಿಂತ ಮೊದಲೇ ಶುರುವಾಗುತ್ತದೆ. ನನಗೆ ಮೊದಲ ವರ್ಷ ಲ ಮತ್ತು ಳ ಒಂದೇ ರೀತಿ ಕೇಳಿಸುತ್ತಿತ್ತು. ಈ ಜೋಕನ್ನು ಆಗ ಯಾರಾದರೂ ಹೇಳಿದ್ದರೆ ನಾನು ‘ಆಲಿಸು’ ಎಂದು ಕೇಳಿಸಿಕೊಳ್ಳುತ್ತಿದ್ದೆ. ಏಕೆಂದರೆ ಆ ಪದ ನನ್ನ ಪಾಠದ ಪುಸ್ತಕದ ಪ್ರತಿ ಪುಟದಲ್ಲಿ ಇತ್ತು: ‘ಆಲಿಸಿ, ಉತ್ತರಿಸಿ’. ‘ಬೋರ್ಡಿನ ಮೇಲಿರುವ ಲೆಕ್ಕ ಆಲಿಸು. ಅದು ನಮ್ಮನ್ನು ಆಲಿಸಿತು, ಈಗ ನಮ್ಮ ಸರದಿ.’ ಇದೂ ಒಂದು ರೀತಿ ವಾಕ್ಯವೇ. ಲೆಕ್ಕ ನಮ್ಮ ಮಾತು ಕೇಳಿತು, ಈಗ ನಾವು ಅದರ ಮಾತು ಕೇಳಬೇಕು. ನಾನು ಇದನ್ನು ನೀತಿಕಥೆ ಎಂದುಕೊಂಡು ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಆದ್ದರಿಂದ ಮೊದಲು ಪದವನ್ನು ಬರೆದು ತೋರಿಸಿ ಎಂದು ನನ್ನ ಬೇಡಿಕೆ. ಜೋಕು ಬಾಯಲ್ಲಿ ಹೇಳುವುದು ಎಂದು ನಿಮಗೆ ಅನ್ನಿಸಬಹುದು. ಆದರೆ ಕಿವಿ ನಂಬದವನಿಗೆ ಕಣ್ಣೇ ಸಾಕ್ಷಿ.

ಇನ್ನೊಂದು ಮಾತು. ನಾನು ಒಮ್ಮೆ ‘ಹಳ್ಳಿಗೆ ಹೋಗಿದ್ದೆ’ ಎನ್ನುವ ಬದಲು ‘ಹಲ್ಲಿಗೆ ಹೋಗಿದ್ದೆ’ ಎಂದೆ. ಎಲ್ಲರೂ ನಕ್ಕರು. ಯಾರೂ ಏಕೆ ಎಂದು ಹೇಳಲಿಲ್ಲ. ಎರಡು ತಿಂಗಳು ಆದ ಮೇಲೆ ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ ಒಬ್ಬರು ಅದರ ಹೆಸರು ಹೇಳಿದಾಗ ನನಗೆ ಒಬ್ಬನಿಗೇ ನಗು ಬಂತು. ಆಗ ಪಕ್ಕದಲ್ಲಿ ಇದ್ದವರಿಗೆ ಅರ್ಥವಾಗಲಿಲ್ಲ.

ಒತ್ತಕ್ಷರ

ಎರಡು ತಿಂಗಳು ತಡವಾಗಿ ನಕ್ಕದ್ದು ಬಹಳ ಚೆನ್ನಾಗಿದೆ. ನಿಮ್ಮ ಕನ್ನಡದಲ್ಲಿ ತಿದ್ದುವಂಥದ್ದು ನನಗೆ ಏನೂ ಕಾಣಲಿಲ್ಲ.

ಬರೆದು ತೋರಿಸಬೇಕು ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ನಾನು ಎಡವಿದ ಕಥೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇನ್ನೊಂದು ಬಗೆಯದು. ನನ್ನ ವಿದ್ಯಾರ್ಥಿನಿಯೊಬ್ಬರು ಈ ಜೋಕಿಗೆ ಸರಿಯಾದ ಹೊತ್ತಿಗೆ, ಜೋರಾಗಿ ನಕ್ಕರು. ಅರ್ಥವಾಯಿತು ಎಂದುಕೊಂಡು ಮುಂದೆ ಹೋದೆ. ಒಂದು ವಾರದ ನಂತರ ಅವರೇ ಅದನ್ನು ಬೇರೆಯವರಿಗೆ ಹೇಳುವಾಗ ಕೇಳಿಸಿಕೊಂಡೆ: ‘ಲೆಕ್ಕ ನಮ್ಮನ್ನು ನಾಶ ಮಾಡಿತು, ಈಗ ನಾವು ಅದನ್ನು ನಾಶ ಮಾಡುತ್ತೇವೆ’. ಅವರು ‘ಅಳಿಸು’ ಎಂಬುದನ್ನು ಎರಡೂ ಕಡೆ ಒಂದೇ ಅರ್ಥದಲ್ಲಿ ತೆಗೆದುಕೊಂಡಿದ್ದರು. ಲೆಕ್ಕ ನಮ್ಮನ್ನು ಇಲ್ಲವಾಗಿಸಿತು! ಅದೂ ನಗೆ ತರಿಸುವ ಮಾತೇ, ಅದಕ್ಕೇ ನಕ್ಕಿದ್ದರು. ಆದರೆ ಅಳು ಎಲ್ಲಿಯೂ ಇರಲಿಲ್ಲ.

ಅಂದಿನಿಂದ ನಗುವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಅರ್ಥವಾಯಿತೇ?’ ಎಂದೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಹೌದು ಎನ್ನುವುದು ಸೌಜನ್ಯ. ಜೋಕಿನ ಒಳಗಿನಿಂದ ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ: ‘ಆ ಹುಡುಗರು ತರಗತಿಯಲ್ಲಿ ಇಷ್ಟು ಹೊತ್ತು ಏನು ಮಾಡುತ್ತಿದ್ದರು?’ ‘ಅಳುತ್ತಿದ್ದರು’ ಎಂದರೆ ಸಿಕ್ಕಿತು. ‘ಬರೆಯುತ್ತಿದ್ದರು’ ಎಂದರೆ ಇನ್ನೂ ಬೋರ್ಡಿನ ಮೇಲೆಯೇ ಇದ್ದಾರೆ.

ಅರ್ಧವಿರಾಮ

ಒತ್ತಕ್ಷರ ಸರ್, ನನ್ನದೂ ಇಂಥದ್ದೇ ಪ್ರಶ್ನೆ. ಅಕ್ಕನ ಮಗಳಿಗೆ ಆರು ವರ್ಷ. ಮನೆಯಲ್ಲಿ ಕನ್ನಡ ಕೇಳಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ‘ಏಳು ಗಂಟೆಗೆ ಏಳು’ ಎಂದೆ. ಬಿದ್ದು ಬಿದ್ದು ನಕ್ಕಳು. ಈಗ ದಿನಾ ಬೆಳಿಗ್ಗೆ ಎಬ್ಬಿಸಿದರೆ ‘ಎಂಟು’ ಎನ್ನುತ್ತಾಳೆ. ಅದಕ್ಕೆ ಉತ್ಸಾಹ ಬಂದು ‘ಕೊಡೆ ಕೊಡು’ ಎಂದು ಕೇಳಿದವನಿಗೆ ‘ಕೊಡೆ ಕೊಡೆ’ ಎಂದು ಉತ್ತರ ಕೊಟ್ಟ ಜೋಕು ಹೇಳಿದೆ. ನಗಲೇ ಇಲ್ಲ. ‘ಎರಡು ಕೊಡೆಯಾ?’ ಎಂದು ಕೇಳಿದಳು. ನನಗಂತೂ ಎರಡನೆಯದೇ ಹೆಚ್ಚು ಚೆಂದ ಅನ್ನಿಸುತ್ತದೆ.

ಒತ್ತಕ್ಷರ

ಎಬ್ಬಿಸಿದರೆ ‘ಎಂಟು’ ಎನ್ನುವ ಮಗುವಿಗೆ ಯಾರ ಪಾಠವೂ ಬೇಕಿಲ್ಲ ಮೇಡಂ. ‘ಏಳು’ ಎಂದರೆ ಎದ್ದೇಳು ಎಂದು ಅವಳಿಗೆ ದಿನಾ ಬೆಳಿಗ್ಗೆ ಗೊತ್ತು, ಏಳು ಎಂದರೆ ಆರಾದ ಮೇಲೆ ಬರುವುದು ಎಂದೂ ಗೊತ್ತು. ಎರಡೂ ಅವಳ ಕೈಯಲ್ಲಿದ್ದವು. ನೀವು ಒಂದಕ್ಕೊಂದು ತಾಕಿಸಿದಿರಿ ಅಷ್ಟೆ.

‘ಕೊಡೆ’ ಹಾಗಲ್ಲ. ಮೊದಲನೆಯದು ಛತ್ರಿ. ಎರಡನೆಯದು ‘ನಾನು ಕೊಡುವುದಿಲ್ಲ’ ಎಂಬ ಅರ್ಥದ ಹಳೆಯ ನಿಷೇಧ ರೂಪ, ಕೊಡೆನು ಎಂಬುದರ ಮೊಟಕು. ನಾವು ಅದನ್ನು ಪದ್ಯದಲ್ಲಿ ಓದಿದ್ದೇವೆ, ‘ಒಲ್ಲೆ’, ‘ಅರಿಯೆ’ ಎಂಬ ಮಾತುಗಳಲ್ಲಿ ಅದರ ಬಂಧುಗಳನ್ನು ಕೇಳಿದ್ದೇವೆ. ಮಗು ಎಲ್ಲಿ ಕೇಳಿರುತ್ತದೆ? ಅವಳು ಮನೆಯಲ್ಲಿ ಕೇಳುವುದು ‘ಕೊಡುವುದಿಲ್ಲ’ ಎಂದೇ. ಅವಳ ಪಾಲಿಗೆ ಕೊಡೆ ಎಂದರೆ ಛತ್ರಿ, ಎರಡು ಸಲ ಹೇಳಿದರೆ ಎರಡು ಛತ್ರಿ. ಲೆಕ್ಕ ಸರಿಯಾಗಿದೆ. ಈ ಜೋಕನ್ನು ನಾಲ್ಕೈದು ವರ್ಷ ಎತ್ತಿಡಿ.

ಆದ್ದರಿಂದ ಯಾವ ಜೋಕು ವಿವರಿಸಬಹುದು, ಯಾವುದನ್ನು ಬಿಡಬೇಕು ಎಂದು ನಾನು ನೋಡುವುದು ಇಷ್ಟೇ: ಎರಡು ಅರ್ಥಗಳಲ್ಲಿ ಒಂದಾದರೂ ಅವರ ಬಾಯಲ್ಲಿ ಆಗಲೇ ಓಡಾಡುತ್ತಿರಬೇಕು, ಇನ್ನೊಂದು ಕೊನೆಯ ಪಕ್ಷ ಕಿವಿಗೆ ಬಿದ್ದಿರಬೇಕು. ಎರಡೂ ಹೊಸದಾದರೆ ಅವತ್ತಿಗೆ ಅದು ಜೋಕಲ್ಲ, ಪಾಠ.

ತಾಳೆಗರಿ

ಎಲ್ಲ ಓದಿದೆ. ನನ್ನ ಅಭಿಪ್ರಾಯ ಬೇರೆ. ವಿವರಿಸಿದ ಜೋಕು ಸತ್ತ ಜೋಕು. ನಗು ಬರಲಿಲ್ಲವೇ, ಬಿಟ್ಟುಬಿಡಿ. ಭಾಷೆ ಕೈಗೆ ಹತ್ತಿದಾಗ ತಾನಾಗಿ ಹೊಳೆಯುತ್ತದೆ, ಮೇಲೆ ಹಲ್ಲಿಯ ಕಥೆ ಹೇಳಿದವರಿಗೆ ಹೊಳೆದಂತೆ.

ಇನ್ನೂಕಲಿಯುತ್ತಿರುವೆ

ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು ಸರ್. ಆ ಎರಡು ತಿಂಗಳು ನಾನು ‘ಹಳ್ಳಿ’ ಎಂಬ ಪದವನ್ನೇ ಬಳಸಲಿಲ್ಲ. ‘ಊರು’ ಎನ್ನುತ್ತಿದ್ದೆ. ಎಲ್ಲರೂ ನಕ್ಕ ಪದದ ಮೇಲೆ ಭಯ ಬರುತ್ತದೆ.

ತಾಳೆಗರಿ

ಹಾಗೆ ಯೋಚಿಸಿರಲಿಲ್ಲ. ಆದರೂ ನಗುವೇ ಬಾರದಿರುವಾಗ ಬಿಡಿಸಿ ಹೇಳಿ ಏನು ಪ್ರಯೋಜನ?

ಒತ್ತಕ್ಷರ

ಅವತ್ತು ನಗು ಬರುವುದಿಲ್ಲ, ಅದು ನಿಜ. ಬಿಡಿಸಿ ಹೇಳುವುದು ಮುಂದಿನ ಸಲಕ್ಕೆ. ಅದನ್ನೂ ಜೋಕಿನ ಹೊರಗೆ ಮಾಡಿದರೆ ಜೋಕು ಸಾಯುವುದಿಲ್ಲ.

ಮಳೆಬಿಲ್ಲು ಅವರೇ, ಮತ್ತೆ ಹೇಳಲು ಹೋಗುವಿರಾದರೆ ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಜೋಕಿನ ಹೆಸರನ್ನೇ ಎತ್ತುವುದಿಲ್ಲ. ಅಳಿಸುವ ರಬ್ಬರ್ ತೋರಿಸಿ ‘ಹೆಸರು ಅಳಿಸಿ’ ಎನ್ನುತ್ತೇನೆ, ಅವರು ಅಳಿಸುತ್ತಾರೆ. ಒಂದು ದಿನ ಬಿಟ್ಟು, ಅಳುತ್ತಿರುವ ಮಗುವಿನ ಚಿತ್ರ ತೋರಿಸಿ ‘ಯಾರು ಅಳಿಸಿದರು?’ ಎಂದು ಕೇಳುತ್ತೇನೆ. ಇಲ್ಲಿ ಒಂದು ಸುಳಿವು ಕೊಡಬಹುದು. ವಸ್ತುವಾದರೆ ‘ಲೆಕ್ಕ ಅಳಿಸು’ ಎಂದು ವಿಭಕ್ತಿ ಬಿಟ್ಟೂ ಹೇಳುತ್ತೇವೆ. ಮನುಷ್ಯರಾದರೆ ‘ನಮ್ಮನ್ನು ಅಳಿಸಿತು’, ‘ಮಗುವನ್ನು ಅಳಿಸಿದ’ ಎಂದು ‘ಅನ್ನು’ ಬೇಕೇ ಬೇಕು. ಅಳಿಸುವುದಕ್ಕೆ ಗುರಿಯಾದದ್ದು ಬರಹವೋ ಮನುಷ್ಯನೋ ಎಂದು ನೋಡಿದರೆ ಯಾವ ಅಳಿಸು ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ‘ಪಟ್ಟಿಯಿಂದ ನನ್ನನ್ನು ಅಳಿಸಿದರು’ ಎಂಬಲ್ಲಿ ಈ ಸುಳಿವು ಕೈಕೊಡುತ್ತದೆ, ಅದು ಬೇರೆ ಮಾತು.

ಆಮೇಲೆ ಜೋಕಿನ ಮೊದಲ ಸಾಲು ಮಾತ್ರ ಹೇಳಿ ನಿಲ್ಲಿಸಿ. ‘ಹುಡುಗ ಈಗ ಏನು ಮಾಡಬೇಕು?’ ಎಂದು ಕೇಳಿ. ‘ಬೋರ್ಡು ಒರೆಸಬೇಕು’ ಎನ್ನುತ್ತಾರೆ. ಮೊದಲ ಅರ್ಥ ಗಟ್ಟಿಯಾಗಿ ಕುಳಿತಿತು. ಅದು ಕುಳಿತಿರದಿದ್ದರೆ ಎರಡನೆಯದು ಬಂದು ಅಲುಗಿಸಲು ಏನೂ ಇರುವುದಿಲ್ಲ. ಈಗ ಹುಡುಗನ ಉತ್ತರವನ್ನು ಒಂದೇ ಉಸಿರಿನಲ್ಲಿ ಹೇಳಿ. ‘ಅಳಿಸಿತು’ ಎಂಬಲ್ಲಿ ಒತ್ತಿ ಹೇಳಬೇಡಿ, ಕಣ್ಣು ಮಿಟುಕಿಸಬೇಡಿ.

ಇನ್ನೂ ಸಿಗದಿದ್ದರೆ ಅರ್ಥ ಹೇಳುವ ಬದಲು ಪದ ಬದಲಿಸಿ ತೋರಿಸಿ. ‘ಲೆಕ್ಕ ಒರೆಸು.’ ‘ಇಷ್ಟು ಹೊತ್ತು ಅದು ನಮ್ಮನ್ನು ಒರೆಸಿತು.’ ಏನೂ ಇಲ್ಲ, ಪೆದ್ದು ಮಾತು. ‘ಇಷ್ಟು ಹೊತ್ತು ಅದು ನಮ್ಮನ್ನು ಅಳುವಂತೆ ಮಾಡಿತು, ಈಗ ನಮ್ಮ ಸರದಿ.’ ಅರ್ಥವಿದೆ, ನಗು ಇಲ್ಲ. ಆಮೇಲೆ ‘ಅಳಿಸು’ ಎಂಬುದನ್ನು ಅದರ ಜಾಗದಲ್ಲಿ ಮತ್ತೆ ಇಡಿ. ಜೋಕು ಯಾವ ಮೊಳೆಯ ಮೇಲೆ ನೇತಾಡುತ್ತಿದೆ ಎಂದು ಅವರೇ ಕಂಡುಕೊಳ್ಳುತ್ತಾರೆ.

ಅರ್ಧವಿರಾಮ

ಒಂದು ಸಣ್ಣ ಸಲಹೆ. ಅವರ ಮನೆಮಾತು ಹಿಂದಿ ಎಂದಿರಿ. ಹಿಂದಿಯಲ್ಲಿ ‘ಸೋನಾ’ ಎಂದರೆ ಚಿನ್ನವೂ ಹೌದು, ನಿದ್ದೆ ಮಾಡುವುದೂ ಹೌದು. ‘ಇದು ನಿಮ್ಮ ಸೋನಾ ಇದ್ದ ಹಾಗೆ’ ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದಲ್ಲ?

ಒತ್ತಕ್ಷರ

ಒಳ್ಳೆಯ ಬಾಗಿಲು. ಎಂಥ ಆಟ ನಡೆಯುತ್ತಿದೆ ಎಂದು ಥಟ್ಟನೆ ತಿಳಿಯುತ್ತದೆ. ಆದರೆ ಈ ಜೋಕನ್ನೇ ಹಿಂದಿಗೆ ತಿರುಗಿಸಿ ಹೇಳಬೇಡಿ. ಅಲ್ಲಿ ಒಂದಕ್ಕೆ ‘ಮಿಟಾನಾ’, ಇನ್ನೊಂದಕ್ಕೆ ‘ರುಲಾನಾ’. ತಿರುಗಿಸಿದ ಕೂಡಲೇ ಎರಡು ಅರ್ಥಗಳೂ ದೂರ ದೂರ ಕುಳಿತುಬಿಡುತ್ತವೆ.

ಶಬ್ದಪ್ರೇಮಿ

ಇಷ್ಟೆಲ್ಲ ತಯಾರಿ ಮಾಡಿ, ದಿನ ಬಿಟ್ಟು ದಿನ ಪದ ಕಲಿಸಿ, ಆಮೇಲೆ ಜೋಕು ಹೇಳಿದರೆ ಅದು ಹೊಂಚು ಹಾಕಿದಂತೆ ಅಲ್ಲವೇ? ನಾನಾದರೆ ಮೊದಲೇ ‘ಇದರಲ್ಲಿ ಒಂದು ಪದಕ್ಕೆ ಎರಡು ಅರ್ಥವಿದೆ, ಹುಡುಕಿ’ ಎಂದುಬಿಡುತ್ತೇನೆ. ಒಗಟಿನಂತೆ. ಹುಡುಕಿ ಸಿಕ್ಕಿದ ಸಂತೋಷ ನಗುವಿಗಿಂತ ಕಡಿಮೆಯೇನಲ್ಲ. ಜೈಮಿನಿ ಭಾರತದ ಶ್ಲೇಷೆಗಳನ್ನು ನಾವು ಓದುವುದೂ ಹಾಗೆಯೇ ಅಲ್ಲವೇ? ಬರುತ್ತದೆ ಎಂದು ತಿಳಿದೇ ಕಾಯುತ್ತೇವೆ.

ಒತ್ತಕ್ಷರ

ಓದುವಾಗ ಹೌದು. ಮಾತಿನಲ್ಲಿ ಹಾಗೆ ಮಾಡಿದರೆ ಕೇಳುವವರು ಪ್ರತಿ ಪದವನ್ನೂ ಅನುಮಾನದಿಂದ ತಿರುವಿ ನೋಡಲು ಶುರು ಮಾಡುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿ ‘ಸರದಿ’ಯಲ್ಲಿ ಸರ ಹುಡುಕಿದ್ದ. ಆದರೂ ಇದರಲ್ಲಿ ನಾನು ಹಟ ಹಿಡಿಯುವುದಿಲ್ಲ. ಒಗಟಿನ ಬುದ್ಧಿಯವರಿಗೆ ನಿಮ್ಮ ದಾರಿಯೇ ಹಿಡಿಸುತ್ತದೆ.

ನೇರನುಡಿ

ನಾನು ಮತ್ತೆ ಬಂದೆ, ಈ ಸಲ ಪೂರ್ತಿ ಓದಿಕೊಂಡು. ನಿಜವಾಗಿಯೂ ಅಶ್ಲೀಲವಾದ ದ್ವಂದ್ವಾರ್ಥ ಅವರ ಕಿವಿಗೆ ಬಿದ್ದು, ಅದರ ಅರ್ಥ ಕೇಳಿದರೆ? ಅದಕ್ಕೂ ಚಿತ್ರ ತೋರಿಸಿ ವಿವರಿಸುವಿರಾ?

ಒತ್ತಕ್ಷರ

ಇಲ್ಲ! ‘ಆ ಪದಕ್ಕೆ ಒಂದು ಒರಟು ಅರ್ಥ ಇದೆ, ಅದಕ್ಕೆ ನಕ್ಕರು. ನೀವು ಅದನ್ನು ಸಾಮಾನ್ಯ ಅರ್ಥದಲ್ಲಿ ಬಳಸಬಹುದೋ ಬೇಡವೋ’ ಎಂಬುದನ್ನು ಹೇಳಿಬಿಡುತ್ತೇನೆ. ಅಷ್ಟನ್ನಂತೂ ಹೇಳಲೇಬೇಕು. ಬಳಸಬಾರದ ಪದ ಎಂದು ತಿಳಿಯದೆ ಎಲ್ಲಾದರೂ ಬಳಸಿದರೆ ಪಾಪ, ಅವರಿಗೇ ಮುಜುಗರ.

ಮಳೆಬಿಲ್ಲು

ಹನ್ನೊಂದು ದಿನಗಳ ಮೇಲೆ ಬರೆಯುತ್ತಿದ್ದೇನೆ. ರಬ್ಬರ್ ಆಯಿತು, ಮಗುವಿನ ಚಿತ್ರವೂ ಆಯಿತು. ಚಿತ್ರ ನೋಡಿ ‘ಯಾರು ಅಳಿಸಿದರು?’ ಎಂದು ಕೇಳಿದಾಗ ಮೊದಲು ಗೊಂದಲದಿಂದ ಚಿತ್ರವನ್ನೇ ಉಜ್ಜಿ ನೋಡಿದರು, ಯಾವುದೋ ಭಾಗ ಅಳಿಸಿಹೋಗಿದೆ ಎಂದು. ‘ನಗಿಸಿದರು, ಅಳಿಸಿದರು’ ಎಂದು ಎರಡನ್ನೂ ಪಕ್ಕ ಪಕ್ಕ ಬರೆದು ತೋರಿಸಿದ ಮೇಲೆ ಹೊಳೆಯಿತು. ಇನ್ನೂಕಲಿಯುತ್ತಿರುವೆ ಅವರೇ, ಬರೆದು ತೋರಿಸಿ ಎಂದದ್ದಕ್ಕೆ ನಿಮಗೆ ಧನ್ಯವಾದ.

ಜೋಕನ್ನು ನಾನು ಮತ್ತೆ ಹೇಳಲೇ ಇಲ್ಲ. ಹೇಳಬೇಕೆಂದು ನಿನ್ನೆಗೆ ಕಾಯುತ್ತಿದ್ದೆ. ಮೀಟಿಂಗ್ ಮುಗಿದು ಎಲ್ಲರೂ ಹೊರಡುವಾಗ ಯಾರೋ ಬಿಳಿಯ ಬೋರ್ಡಿನ ಮೇಲಿನ ಅಂಕಿಗಳನ್ನು ತೋರಿಸಿ ‘ಇದನ್ನು ಅಳಿಸಿಬಿಡಿ’ ಎಂದರು. ನನ್ನ ಗೆಳೆಯರು ಡಸ್ಟರ್ ಹಿಡಿದು ಅರ್ಧ ಒರೆಸಿದವರು ಅಲ್ಲಿಯೇ ನಿಂತರು. ಅಂಕಿಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಮ್ಮ ಸರದಿ!" ಎಂದು ಕೂಗಿ ಒಬ್ಬರೇ ನಗತೊಡಗಿದರು. ಉಳಿದವರಿಗೆ ಏನೂ ತಿಳಿಯಲಿಲ್ಲ.

ತಾಳೆಗರಿ

ಸರಿ, ಸೋತೆ. ಆದರೆ ಇದು ತಾನಾಗಿ ಹೊಳೆದದ್ದೇ ಎಂದು ನಾನು ಇನ್ನೂ ಹೇಳುತ್ತೇನೆ.

ಮಳೆಬಿಲ್ಲು

ಹೇಳಿ, ತಡೆಯುವುದಿಲ್ಲ. ಈಗ ನನ್ನದು ಇನ್ನೊಂದು ಪ್ರಶ್ನೆ. ಅವರು ರಾತ್ರಿ ಸಂದೇಶ ಕಳುಹಿಸಿದ್ದಾರೆ: ‘ನನಗೆ ಕನ್ನಡ ಕಲಸಿದ್ದಕ್ಕೆ ಧನ್ಯವಾದಗಳು’. ಕಲಿಸಿದ್ದಕ್ಕೆ ಅಲ್ಲ, ಕಲಸಿದ್ದಕ್ಕೆ. ಬಣ್ಣ ಕಲಸಿದಂತೆ, ಮಣ್ಣು ಕಲಸಿದಂತೆ. ತಿದ್ದಲೋ, ನಗಲೋ?

ಒತ್ತಕ್ಷರ

ಆಡುವಾಗ ಕಲಿಸು, ಕಲಸು ಎರಡರಲ್ಲೂ ನಡುವಿನ ಸ್ವರ ನುಂಗಿಹೋಗುತ್ತದೆ, ಎರಡೂ ಒಂದೇ ರೀತಿ ಕೇಳಿಸುತ್ತವೆ. ಕೇಳಿದಂತೆ ಬರೆದಿದ್ದರೆ ತಪ್ಪು ಎಂದೇ ಹೇಳಬೇಕು. ಆದರೆ ಹನ್ನೊಂದು ದಿನ ನೀವು ಮಾಡಿದ್ದನ್ನು ನೋಡಿದರೆ ಕಲಸಿದ್ದೂ ಸುಳ್ಳಲ್ಲ.

ಶಬ್ದಪ್ರೇಮಿ

ಖಂಡಿತ ಬೇಕೆಂದೇ ಬರೆದಿದ್ದಾರೆ.

ಇನ್ನೂಕಲಿಯುತ್ತಿರುವೆ

ಖಂಡಿತ ತಪ್ಪಾಗಿ ಬರೆದಿದ್ದಾರೆ. ನಾನೂ ಒಂದು ವರ್ಷ ಹಾಗೆಯೇ ಬರೆಯುತ್ತಿದ್ದೆ. ಆದರೆ ನೀವು ನಕ್ಕರೆ ‘ಜೋಕು ಮಾಡಿದೆ’ ಎನ್ನುತ್ತಾರೆ. ನಾನಾಗಿದ್ದರೆ ಹಾಗೆಯೇ ಹೇಳುತ್ತಿದ್ದೆ.